ನಾಮಕರಣದ ಊಟ: ಕೆಲವರಿಗೆ ಸಂಜೆಯೇ ವಾಂತಿ, ಕೆಲವರಿಗೆ ಸೋಮವಾರ ಜ್ವರ. ತಪ್ಪು ಯಾವ ಪಾತ್ರೆಯದು?

ವಾಕಡ್‌ವಾಸಿ · ಬುಧವಾರ, ಬೆಳಿಗ್ಗೆ 8:40

ಪುಣೆಯ ವಾಕಡ್‌ನಲ್ಲಿ ಕಳೆದ ಶನಿವಾರ ಮಗಳ ನಾಮಕರಣ ಇಟ್ಟುಕೊಂಡಿದ್ದೆವು. ಸೊಸೈಟಿ ಹಾಲ್‌ನಲ್ಲಿ ಮಧ್ಯಾಹ್ನ 1 ಗಂಟೆಗೆ ಊಟ. ಮೂರೂಕಾಲಿಗೆ ಮೊದಲ ವಾಂತಿ. ಸಂಜೆ 7ರ ಒಳಗೆ 10 ಜನ ಮಲಗಿದ್ದರು. ಜ್ವರ ಯಾರಿಗೂ ಇರಲಿಲ್ಲ. ಭಾನುವಾರ ಬೆಳಿಗ್ಗೆ ಎಲ್ಲರೂ ಎದ್ದು ಕಾಫಿ ಕುಡಿದರು.

ಸದ್ಯ ಮುಗಿಯಿತು ಅಂದುಕೊಂಡೆವು. ಸೋಮವಾರ ಬೆಳಗಿನ ಜಾವ 2 ಗಂಟೆಗೆ ನನ್ನ ತಮ್ಮನಿಗೆ ಚಳಿ ಜ್ವರ, ಹೊಟ್ಟೆ ಹಿಂಡುವ ನೋವು, ಭೇದಿ. ಅದೇ ಸಂಜೆ ಅವನ ರೂಮ್‌ಮೇಟ್‌ಗೂ ಅದೇ ಕಥೆ. ಮಂಗಳವಾರ ಬೆಳಿಗ್ಗೆ ನನ್ನ ಸೋದರಮಾವನ ಮಗನಿಗೂ ಶುರುವಾಯಿತು. ಅವನಿಗೆ ಸ್ವಲ್ಪ ರಕ್ತವೂ ಹೋಗುತ್ತಿದೆ. ಡಾಕ್ಟರ್‌ಗೆ ತೋರಿಸಿದ್ದೇವೆ.

ಪನೀರ್, ಪೂರಿ, ಪಲ್ಯ ಎಲ್ಲ ಕೇಟರಿಂಗ್‌ನವರದು. ಚಿತ್ರಾನ್ನ ಮತ್ತು ಬಾಸುಂದಿ ಮಾತ್ರ ಮನೆಯದು. ಕೇಟರರ್ ಮೇಲೆ ದೂರು ಕೊಡೋಣ ಅಂತ ಮನೆಯಲ್ಲಿ ಕೂತಿದ್ದಾರೆ. ಒಂದೇ ಊಟಕ್ಕೆ ಕೆಲವರಿಗೆ ಎರಡು ಗಂಟೆಯಲ್ಲಿ, ಕೆಲವರಿಗೆ ಎರಡು ದಿನ ಬಿಟ್ಟು ಹೀಗಾಗುತ್ತಾ?

---

ವಿಜಾಪುರದವ · ಬುಧವಾರ, 9:05

ಇದು ಸುಲಭದ ಲೆಕ್ಕ ರೀ. 6 ಗಂಟೆಯ ಒಳಗೆ ಆದರೆ ವಿಷ, ಅದರ ಮೇಲಾದರೆ ಕ್ರಿಮಿ. ಕೇಟರರ್ ಪನೀರ್‌ನಲ್ಲಿ ಎರಡೂ ಇತ್ತು, ಅಷ್ಟೇ. ದೂರು ಕೊಡಿ.

---

ಮಡಗಾಂವ್ ಮಾಮಿ · ಬುಧವಾರ, 9:30

ನಮ್ಮೆಜಮಾನರಿಗೂ ಮದುವೆ ಊಟ ಮಾಡಿದ ಮೂರನೇ ದಿನ ಜ್ವರ ಬಂತು. ವಿಡಾಲ್ ಟೆಸ್ಟ್ ಮಾಡಿಸಿದೆವು, ಟೈಫಾಯ್ಡ್ ಅಂತ ಬಂತು. ಆ ಹುಡುಗರಿಗೆ ಮೊದಲು ವಿಡಾಲ್ ಮಾಡಿಸಿ. ಮಜ್ಜಿಗೆಗೆ ಹಾಕಿದ ನೀರು ಸರಿ ಇರಲಿಕ್ಕಿಲ್ಲ.

---

ಲ್ಯಾಬಕ್ಕ · ಬುಧವಾರ, 10:15

ಮಿರಜ್‌ನಲ್ಲೂ ಪುಣೆಯಲ್ಲೂ ಮೈಕ್ರೋಬಯಾಲಜಿ ಲ್ಯಾಬ್‌ನಲ್ಲಿ 28 ವರ್ಷ ಕೆಲಸ ಮಾಡಿ ಈಗ ಮನೆಯಲ್ಲಿದ್ದೇನೆ. ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ, ಬೇಜಾರಾಗಬೇಡಿ.

ವಾಕಡ್‌ನವರೇ, ನಿಮ್ಮಲ್ಲಿ ಆಗಿರುವುದು ಒಂದಲ್ಲ, ಎರಡು ಬೇರೆ ಕಾಯಿಲೆ ಅಂತ ನನಗೆ ಅನಿಸುತ್ತದೆ.

ಶನಿವಾರದ್ದು ಮೊದಲು. ಎರಡು ಗಂಟೆಯಲ್ಲಿ ವಾಂತಿ ಬರಬೇಕಾದರೆ ವಿಷ ಪಾತ್ರೆಯಲ್ಲೇ ತಯಾರಾಗಿ ಕೂತಿರಬೇಕು. ಬ್ಯಾಕ್ಟೀರಿಯಾಗೆ ನಿಮ್ಮ ಹೊಟ್ಟೆಯಲ್ಲಿ ಬೆಳೆಯುವ ಕೆಲಸವೇ ಇಲ್ಲ. ಆ ವಿಷ ಹೊಟ್ಟೆಯ ಹತ್ತಿರದ ನರವನ್ನು ಕೆಣಕುತ್ತದೆ, ನರ ಮೆದುಳಿಗೆ ಸುದ್ದಿ ಮುಟ್ಟಿಸುತ್ತದೆ, ಮೆದುಳು ವಾಂತಿ ಮಾಡಿಸುತ್ತದೆ. ಕರುಳಿಗೆ ಗಾಯವೇನೂ ಆಗಿರುವುದಿಲ್ಲ. ಅದಕ್ಕೇ ಜ್ವರ ಇಲ್ಲ, ಮರುದಿನ ಕಾಫಿ ಸೇರುತ್ತದೆ. ಹೀಗೆ ಮಾಡುವವರಲ್ಲಿ ಇಬ್ಬರು ಮುಖ್ಯ. ಒಂದು ಸ್ಟ್ಯಾಫಿಲೋಕಾಕಸ್, ನಮ್ಮ ಮೂಗು ಮತ್ತು ಚರ್ಮದಲ್ಲಿ ಇರುವಂಥದ್ದು. ಇನ್ನೊಂದು ಬ್ಯಾಸಿಲಸ್ ಸೀರಿಯಸ್, ಮಣ್ಣಿನಿಂದ ಅಕ್ಕಿಗೆ ಬರುವಂಥದ್ದು.

ಸೋಮವಾರದ್ದು ಬೇರೆ ಜಾತಿ. ಸಾಲ್ಮೊನೆಲ್ಲಾ, ಕ್ಯಾಂಪೈಲೋಬ್ಯಾಕ್ಟರ್ ತರಹದವು ಬದುಕಿರುವಾಗಲೇ ಒಳಗೆ ಹೋಗಬೇಕು. ಜಠರದ ಆಮ್ಲ ದಾಟಬೇಕು, ಕರುಳಿಗೆ ಅಂಟಬೇಕು, ಹೆಚ್ಚಬೇಕು, ಕರುಳಿನ ಒಳಪದರಕ್ಕೆ ನುಗ್ಗಬೇಕು. ಆಮೇಲೆ ನಮ್ಮ ದೇಹ ಅದರ ಜೊತೆ ಜಗಳ ಶುರು ಮಾಡುತ್ತದೆ. ಜ್ವರ, ನೋವು, ರಕ್ತ ಎಲ್ಲ ಆ ಜಗಳದ್ದು. ಇಷ್ಟಕ್ಕೆಲ್ಲ ಸಮಯ ಹಿಡಿಯುತ್ತದೆ ಅಲ್ವಾ? ಸಾಲ್ಮೊನೆಲ್ಲಾಗೆ ಸಾಮಾನ್ಯವಾಗಿ 12ರಿಂದ 36 ಗಂಟೆ, ಕೆಲವೊಮ್ಮೆ ಇನ್ನೂ ಜಾಸ್ತಿ. ಕ್ಯಾಂಪೈಲೋಬ್ಯಾಕ್ಟರ್‌ಗೆ ಎರಡರಿಂದ ಐದು ದಿನ.

ವಿಜಾಪುರದವರೇ, ನಿಮ್ಮ 6 ಗಂಟೆಯ ಲೆಕ್ಕ ಅರ್ಧ ಸರಿ. ಬ್ಯಾಸಿಲಸ್‌ನಲ್ಲೇ ಇನ್ನೊಂದು ಬಗೆ ಇದೆ. ಅದು ಕರುಳಿಗೆ ಹೋದ ಮೇಲೆ ವಿಷ ಮಾಡುತ್ತದೆ, 8ರಿಂದ 16 ಗಂಟೆಗೆ ಬರೀ ಭೇದಿ. ಸಾಲ್ಮೊನೆಲ್ಲಾ ತುಂಬಾ ಜಾಸ್ತಿ ಹೊಟ್ಟೆಗೆ ಹೋದರೆ ಆರೇಳು ಗಂಟೆಗೇ ಶುರುವಾಗುವುದೂ ಉಂಟು. ಹಾಗಾಗಿ ಗಡಿಯಾರದ ಜೊತೆ ಲಕ್ಷಣವನ್ನೂ ನೋಡಬೇಕು.

ಮಾಮಿ, ಟೈಫಾಯ್ಡ್ ಹೊರಗೆ ಬರಲು ಒಂದರಿಂದ ಮೂರು ವಾರ ಬೇಕು. ಶನಿವಾರದ ಊಟಕ್ಕೆ ಸೋಮವಾರ ಟೈಫಾಯ್ಡ್ ಬರುವುದಿಲ್ಲ. ಜ್ವರದ ಎರಡನೇ ದಿನದ ವಿಡಾಲ್ ನಂಬುವಂಥದ್ದೂ ಅಲ್ಲ, ಹಳೆಯ ಸೋಂಕಿಗೂ ಅದು ಪಾಸಿಟಿವ್ ತೋರಿಸುತ್ತದೆ.

ಈಗ ನನಗೆ ಬೇಕಾದ್ದು ಮೂರು ಉತ್ತರ. ಚಿತ್ರಾನ್ನದ ಅನ್ನ ಯಾವಾಗ ಮಾಡಿದ್ದು? ಬಾಸುಂದಿ ಯಾವಾಗ, ಯಾರು ಮಾಡಿದ್ದು? ಆ ಮೂವರು ಹುಡುಗರು ಶನಿವಾರದ ಊಟ ಬಿಟ್ಟು ಜೊತೆಗೆ ಕೂತು ಬೇರೆಲ್ಲಾದರೂ ತಿಂದಿದ್ದಾರಾ?

---

ವಾಕಡ್‌ವಾಸಿ · ಬುಧವಾರ, ಮಧ್ಯಾಹ್ನ 1:20

ಅಕ್ಕ, ವಿಚಾರಿಸಿದೆ. ಸ್ವಲ್ಪ ಮುಜುಗರದ ವಿಷಯ.

ಅನ್ನ ಅಮ್ಮ ಮಾಡಿದ್ದು. 3 ಕಿಲೋ ಅಕ್ಕಿ, ಶುಕ್ರವಾರ ರಾತ್ರಿ 9ಕ್ಕೆ ದೊಡ್ಡ ಡಬರಿಯಲ್ಲಿ. ಬೆಳಿಗ್ಗೆ ಒಲೆ ಖಾಲಿ ಇರಲ್ಲ ಅಂತ. ಮುಚ್ಚಳ ಮುಚ್ಚಿ ಅಡುಗೆಮನೆಯಲ್ಲೇ ಇಟ್ಟಿದ್ದರು. ಬೆಳಿಗ್ಗೆ 6ಕ್ಕೆ ಒಗ್ಗರಣೆ, ನಿಂಬೆರಸ ಹಾಕಿ ಕಲಸಿದ್ದು.

ಬಾಸುಂದಿ ಚಿಕ್ಕಮ್ಮನದು. ಅದೂ ಶುಕ್ರವಾರ ರಾತ್ರಿಯದೇ. ಹಾಲು ಬತ್ತಿಸಿ, ಆರಿದ ಮೇಲೆ ಬಾದಾಮಿ ಸಿಪ್ಪೆ ಸುಲಿದು ಕೈಯಲ್ಲೇ ಹಾಕಿದ್ದಾರೆ. ಫ್ರಿಜ್ ತುಂಬಿತ್ತು, ಹೊರಗೇ ಇತ್ತು. ಬೆಳಿಗ್ಗೆ ಒಮ್ಮೆ ಕುದಿ ಬರಿಸಿದ್ದಾರೆ. ಹೇಳಲೇಬೇಕು, ಅವರ ಹೆಬ್ಬೆರಳಿಗೆ ಗಾಯ ಆಗಿ ಪಟ್ಟಿ ಇತ್ತು.

ಹುಡುಗರ ಕಥೆ. ಶುಕ್ರವಾರ ರಾತ್ರಿ 9ಕ್ಕೆ ತಮ್ಮನ ರೂಮಿನ ಟೆರೇಸ್ ಮೇಲೆ ಇದ್ದಿಲು ಹಾಕಿ ಚಿಕನ್ ಸುಟ್ಟಿದ್ದಾರೆ. ಐದು ಜನ. ಮನೆಯಲ್ಲಿ ಮರುದಿನ ಪೂಜೆ ಅಂತ ಯಾರಿಗೂ ಹೇಳಿರಲಿಲ್ಲ! ಇನ್ನೊಂದು: ಆ ರೂಮ್‌ಮೇಟ್ ನಾಮಕರಣಕ್ಕೆ ಬಂದೇ ಇಲ್ಲ. ಅವನಿಗೆ ಆಫೀಸ್ ಇತ್ತು. ನಮ್ಮ ಮನೆಯ ಒಂದು ಅಗುಳೂ ಅವನು ತಿಂದಿಲ್ಲ.

---

ಲ್ಯಾಬಕ್ಕ · ಬುಧವಾರ, 2:05

ಆ ಕೊನೆಯ ಮಾತು ಬಂಗಾರ. ಊಟಕ್ಕೇ ಬರದವನಿಗೂ ಅದೇ ಕಾಯಿಲೆ ಅಂದರೆ ಸೋಮವಾರದ್ದನ್ನು ಊಟದ ತಲೆಗೆ ಕಟ್ಟಲು ಆಗುವುದಿಲ್ಲ.

ಈಗ ಗಡಿಯಾರವನ್ನು ಶುಕ್ರವಾರ ರಾತ್ರಿ 9ರಿಂದ ಎಣಿಸಿ. ತಮ್ಮನಿಗೆ 53 ಗಂಟೆ. ರೂಮ್‌ಮೇಟ್‌ಗೆ ಸಂಜೆ ಆರು ಅಂದರೆ 69. ಮಂಗಳವಾರ ಬೆಳಿಗ್ಗೆ ಆರು ಅಂದುಕೊಂಡರೆ ಮೂರನೆಯವನಿಗೆ 81. ಎರಡು ದಿನ ದಾಟಿದ್ದು, ಕೋಳಿ ಇದ್ದದ್ದು, ಜ್ವರ ಮತ್ತು ರಕ್ತ. ನನ್ನ ಮನಸ್ಸು ಕ್ಯಾಂಪೈಲೋಬ್ಯಾಕ್ಟರ್ ಕಡೆಗೇ ಹೋಗುತ್ತದೆ. ಸಾಲ್ಮೊನೆಲ್ಲಾ ಅಲ್ಲವೇ ಅಲ್ಲ ಅಂತ ಸಮಯ ನೋಡಿ ಹೇಳಲಾಗದು.

ಅದು ಕೋಳಿಯ ಕರುಳಲ್ಲಿ ಆರಾಮಾಗಿ ಇರುತ್ತದೆ, ಕೋಳಿಗೆ ಏನೂ ಆಗುವುದಿಲ್ಲ. ವಿಚಿತ್ರ ಅಂದರೆ ಹೊರಗಿಟ್ಟ ಅಡುಗೆಯಲ್ಲಿ ಅದು ಬೆಳೆಯುವುದಿಲ್ಲ, ನಮ್ಮ ಗಾಳಿಯ ಆಮ್ಲಜನಕವೇ ಅದಕ್ಕೆ ಜಾಸ್ತಿ. ಬೆಳೆಯಬೇಕಾದ ಅಗತ್ಯವೂ ಇಲ್ಲ. 1981ರಲ್ಲಿ ರಾಬಿನ್ಸನ್ ಅನ್ನುವ ಬ್ರಿಟಿಷ್ ಸಂಶೋಧಕರು ಹಾಲಿಗೆ ಬರೀ 500 ಬ್ಯಾಕ್ಟೀರಿಯಾ ಸೇರಿಸಿ ತಾವೇ ಕುಡಿದರು. ಕೆಲವು ದಿನಕ್ಕೆ ಹೊಟ್ಟೆ ಕೆಟ್ಟಿತು. ಹಸಿ ಕೋಳಿಯ ನೀರು ಒಂದು ಹನಿ ಸಾಕು ಅನ್ನುವುದು ಇದಕ್ಕೇ.

ಇದರ ಪಕ್ಕ ಬಾರ್ಬರ್ ಕಥೆ ಇಟ್ಟು ನೋಡಿ. 1914ರಲ್ಲಿ ಫಿಲಿಪೀನ್ಸ್‌ನಲ್ಲಿ, ಕೆಚ್ಚಲು ಬಾವು ಬಂದ ಹಸುವಿನ ಹಾಲನ್ನು ಆತ ಕುಡಿದು ಪರೀಕ್ಷೆ ಮಾಡಿದ. ತಾಜಾ ಕುಡಿದರೆ ಏನೂ ಆಗಲಿಲ್ಲ. ಹೊರಗೆ ಇಟ್ಟದ್ದನ್ನು ಕುಡಿದರೆ ಒಂದೆರಡು ಗಂಟೆಯಲ್ಲೇ ವಾಂತಿ. ಅದು ಸ್ಟ್ಯಾಫ್. ಇಬ್ಬರೂ ಬೇಕಂತಲೇ ಕುಡಿದವರು, ಒಬ್ಬ ಗಂಟೆ ಎಣಿಸಿದ, ಇನ್ನೊಬ್ಬ ದಿನ ಎಣಿಸಿದ. ನಮ್ಮ ಲ್ಯಾಬ್‌ಗೆ ಬರುವ ಹುಡುಗರಿಗೆ ನಾನು ಈ ಎರಡೇ ಕಥೆ ಹೇಳುತ್ತಿದ್ದೆ.

ಹುಡುಗರನ್ನು ಕೇಳಿ: ಹಸಿ ಕೋಳಿ ಎತ್ತಿಟ್ಟ ಚಿಮಟದಲ್ಲೇ ಬೆಂದದ್ದನ್ನೂ ತೆಗೆದರಾ?

---

ವಾಕಡ್‌ವಾಸಿ · ಬುಧವಾರ, 2:40

ಒಂದೇ ಚಿಮಟ. ಈರುಳ್ಳಿ, ಸೌತೆಕಾಯಿ ಹೆಚ್ಚಿದ್ದೂ ಕೋಳಿ ಕತ್ತರಿಸಿದ ಮಣೆಯ ಮೇಲೆಯೇ, "ತೊಳೆದಿದ್ವಿ" ಅಂತಾರೆ. ಹುಷಾರಾಗಿರುವ ಇಬ್ಬರಲ್ಲಿ ಒಬ್ಬ ಸಲಾಡ್ ಮುಟ್ಟಲ್ಲವಂತೆ.

---

ಡೊಂಬಿವಲಿ ಶೆಟ್ರು · ಬುಧವಾರ, ಸಂಜೆ 5:10

35 ವರ್ಷ ಹೋಟೆಲ್ ಮಾಡಿದವನು ನಾನು, ಮೊದಲು ಮಾಟುಂಗಾ, ಆಮೇಲೆ ಡೊಂಬಿವಲಿ. ಕೋಳಿಯ ಲೆಕ್ಕ ಅಕ್ಕನಿಗೆ ಬಿಡುತ್ತೇನೆ, ನಮ್ಮದು ಸಸ್ಯಾಹಾರಿ ಹೋಟೆಲ್. ಅನ್ನದ ಬಗ್ಗೆ ಹೇಳುತ್ತೇನೆ.

ಡಬರಿಯಲ್ಲಿ 3 ಕಿಲೋ ಅಕ್ಕಿಯ ಅನ್ನ ಮುಚ್ಚಿ ಇಟ್ಟರೆ ರಾತ್ರಿಯಿಡೀ ಅದು ಆರುವುದಿಲ್ಲ ಸ್ವಾಮಿ. ಮೇಲೆ ತಣ್ಣಗಿರುತ್ತದೆ. ಬೆಳಿಗ್ಗೆ ನಡುವೆ ಕೈ ಹಾಕಿ ನೋಡಿ, ಮಗುವಿನ ಮೈ ಬಿಸಿ. ನಾನು ಕೆಲಸ ಕಲಿತ ಜಾಗದಲ್ಲಿ ಹಳೆಯ ಭಟ್ಟರೊಬ್ಬರಿದ್ದರು. ಚಿತ್ರಾನ್ನಕ್ಕೆ ಅನ್ನ ಅಂದರೆ ಬಸಿದ ಕೂಡಲೇ ಅಗಲದ ಪರಾತಕ್ಕೆ ಸುರಿದು, ಎರಡು ಬೆರಳು ದಪ್ಪಕ್ಕೆ ಹರಡಿ, ಫ್ಯಾನ್ ಕೆಳಗೆ ಇಡಿಸುತ್ತಿದ್ದರು. ಅನ್ನ ಉದುರುದುರಾಗಲಿ ಅಂತ ನಾವು ಅಂದುಕೊಂಡಿದ್ದೆವು. ಅವರಿಗೂ ಅಷ್ಟೇ ಗೊತ್ತಿತ್ತೋ ಏನೋ. ಆದರೆ ಹಿಂದಿನ ರಾತ್ರಿಯ ಡಬರಿ ಅನ್ನ ಅವರು ಮುಟ್ಟುತ್ತಿರಲಿಲ್ಲ.

ಹಾಗಂತ ತಂಗಳನ್ನ ತಿಂದು ಬೆಳೆದವರು ನಾವೆಲ್ಲ. ರಾತ್ರಿ ನೀರು ಹಾಕಿಟ್ಟು ಬೆಳಿಗ್ಗೆ ಮಜ್ಜಿಗೆ ಸೇರಿಸಿ ಉಣ್ಣುತ್ತಿದ್ದೆವು, ಯಾರಿಗೂ ಏನೂ ಆಗುತ್ತಿರಲಿಲ್ಲ. ಇದಕ್ಕೆ ಅಕ್ಕ ಏನು ಹೇಳುತ್ತಾರೆ?

---

ಹಡಪ್ಸರ್ ಹುಡುಗಿ · ಬುಧವಾರ, 5:45

ಒಂದು ಪ್ರಶ್ನೆ. ಬಾಸುಂದಿ ಬೆಳಿಗ್ಗೆ ಕುದಿಸಿದ್ದಾರೆ, ಚಿತ್ರಾನ್ನಕ್ಕೂ ಬಿಸಿ ಒಗ್ಗರಣೆ ಬಿದ್ದಿದೆ. ಕುದಿಸಿದರೆ ಕ್ರಿಮಿ ಸಾಯುತ್ತೆ ಅಲ್ವಾ? ಮತ್ತೆ ಇವೆರಡರ ಮೇಲೆ ಯಾಕೆ ಅನುಮಾನ? ನಾನಾದರೆ ಪನೀರ್ ಅನ್ನೇ ಹಿಡೀತೀನಿ.

---

ಲ್ಯಾಬಕ್ಕ · ಬುಧವಾರ, ರಾತ್ರಿ 8:30

ಹುಡುಗಿ ಕೇಳಿದ್ದು ಸರಿಯಾದ ಪ್ರಶ್ನೆ, ತೀರ್ಮಾನ ಮಾತ್ರ ತಪ್ಪು.

ಚಿಕ್ಕಮ್ಮನ ಬಾಸುಂದಿಯನ್ನೇ ಹಂತ ಹಂತವಾಗಿ ನೋಡೋಣ. ಹಾಲು ಬತ್ತಿಸುವಾಗ ಇದ್ದ ಸ್ಟ್ಯಾಫ್ ಎಲ್ಲ ಸತ್ತಿರುತ್ತದೆ. ಆರಿದ ಮೇಲೆ ಗಾಯದ ಬೆರಳಿಂದ ಹೊಸದು ಬಿತ್ತು ಅಂತ ಇಟ್ಟುಕೊಳ್ಳಿ. ಪೈಪೋಟಿಗೆ ಬೇರೆ ಬ್ಯಾಕ್ಟೀರಿಯಾ ಇಲ್ಲ, ಎಲ್ಲ ಕುದಿಯಲ್ಲಿ ಹೋಗಿವೆ. ಸಕ್ಕರೆ ಜಾಸ್ತಿ ಇದ್ದರೂ ಸ್ಟ್ಯಾಫ್‌ಗೆ ತೊಂದರೆ ಇಲ್ಲ. ರಾತ್ರಿಯಿಡೀ ಹೊರಗೆ ಇದ್ದು ಬೆಳೆದು, ವಿಷ ಬಿಟ್ಟಿತು. ಬೆಳಿಗ್ಗೆ ಕುದಿಸಿದರು, ಬ್ಯಾಕ್ಟೀರಿಯಾ ಸತ್ತಿತು. ವಿಷ ಅಲ್ಲೇ ಇದೆ. ಅದು ಅರ್ಧ ಗಂಟೆ ಕುದಿಸಿದರೂ ಜಗ್ಗುವುದಿಲ್ಲ. ರುಚಿ, ವಾಸನೆ ಏನೂ ಬದಲಾಗಿರುವುದಿಲ್ಲ. ಅಂಥ ಬಾಸುಂದಿಯನ್ನು ಲ್ಯಾಬ್‌ಗೆ ಕೊಟ್ಟರೆ "ಏನೂ ಬೆಳೆದಿಲ್ಲ" ಅಂತ ರಿಪೋರ್ಟ್ ಬರಬಹುದು. ನಾನೇ ಅಂಥ ರಿಪೋರ್ಟ್‌ಗಳಿಗೆ ಸಹಿ ಹಾಕಿದ್ದೇನೆ.

ಅನ್ನದ ದಾರಿ ಬೇರೆ. ಬ್ಯಾಸಿಲಸ್‌ಗೆ ಬೀಜದಂಥ ಗಟ್ಟಿ ರೂಪ ಇದೆ, ನಾವು ಸ್ಪೋರ್ ಅನ್ನುತ್ತೇವೆ. ಅನ್ನ ಬೇಯಿಸಿದರೆ ಅದು ಸಾಯುವುದಿಲ್ಲ, ಆ ಬಿಸಿಗೆ ಎಚ್ಚರವಾಗುತ್ತದೆ. ಶೆಟ್ರು ಹೇಳಿದ ಮಗುವಿನ ಮೈ ಬಿಸಿ ಇದೆಯಲ್ಲ, ಮೊಳಕೆ ಒಡೆದು ಹೆಚ್ಚಲು ಅದು ಹೇಳಿ ಮಾಡಿಸಿದ ಜಾಗ. ಅದು ಬಿಡುವ ವಾಂತಿಯ ವಿಷದ ಹೆಸರು ಸೀರಿಯುಲೈಡ್. ಅದು ಪ್ರೆಷರ್ ಕುಕ್ಕರ್ ಬಿಸಿಗೂ ಹಾಳಾಗುವುದಿಲ್ಲ. ಒಗ್ಗರಣೆ ಯಾವ ಲೆಕ್ಕ!

ಶೆಟ್ರೇ, ತಂಗಳನ್ನದ ಉತ್ತರ ಹುಳಿಯಲ್ಲಿದೆ ಅಂತ ನನ್ನ ಅಂದಾಜು. ನೀರು ಹಾಕಿಟ್ಟ ಅನ್ನ ಬೇಗ ತಣಿಯುತ್ತದೆ, ಹುಳಿ ಬರುತ್ತದೆ. ಹುಳಿಯಲ್ಲಿ ಬ್ಯಾಸಿಲಸ್ ಬೆಳೆಯಲು ಕಷ್ಟಪಡುತ್ತದೆ. ಚಿತ್ರಾನ್ನದಲ್ಲೂ ನಿಂಬೆ ಇತ್ತಲ್ಲ ಅನ್ನಬಹುದು. ಆದರೆ ಅದು ಬಿದ್ದದ್ದು ಬೆಳಿಗ್ಗೆ 6ಕ್ಕೆ. ಅಷ್ಟರಲ್ಲಿ ಒಂಬತ್ತು ಗಂಟೆ ಕಳೆದಿತ್ತು. ತಯಾರಾದ ವಿಷಕ್ಕೆ ನಿಂಬೆ ಏನೂ ಮಾಡುವುದಿಲ್ಲ.

ವಾಕಡ್‌ನವರೇ, ಒಂದು ಕಾಗದ ತೆಗೆದುಕೊಂಡು ಫೋನ್ ಮಾಡಿ. ಹುಷಾರಾಗಿದ್ದವರನ್ನೂ ಕೇಳಬೇಕು, ಅದನ್ನೇ ಎಲ್ಲರೂ ಮರೆಯುವುದು. ವಾಂತಿ ಮಾಡಿದ ಹತ್ತೂ ಜನ ಪನೀರ್ ತಿಂದಿದ್ದರು ಅನ್ನುವುದರಿಂದ ಏನೂ ಸಿಗುವುದಿಲ್ಲ, ಹುಷಾರಾದವರೂ ತಿಂದಿದ್ದರೆ.

---

ವಾಕಡ್‌ವಾಸಿ · ಗುರುವಾರ, ರಾತ್ರಿ 9:50

ಬಂದಿದ್ದು 41 ಜನ, ಫೋನಿಗೆ ಸಿಕ್ಕಿದ್ದು 34. ಹೆಂಡತಿ ಅರ್ಧ, ನಾನು ಅರ್ಧ ಮಾಡಿದೆವು. ಕಾಯಿಲೆ ಬಿದ್ದ ಹತ್ತೂ ಜನ ಈ 34ರಲ್ಲೇ ಇದ್ದಾರೆ.

ಪನೀರ್ ತಿಂದವರು 30, ಅವರಲ್ಲಿ 9 ಜನಕ್ಕೆ ವಾಂತಿ. ತಿನ್ನದ 4 ಜನರಲ್ಲಿ 1.

ಚಿತ್ರಾನ್ನ ತಿಂದವರು 22, ಅವರಲ್ಲಿ 9. ತಿನ್ನದ 12 ಜನರಲ್ಲಿ 1.

ಬಾಸುಂದಿ ತಿಂದವರು 26, ಅವರಲ್ಲಿ 9. ತಿನ್ನದ 8 ಜನರಲ್ಲಿ 1.

ಚಿತ್ರಾನ್ನ ಮುಟ್ಟದೆ ವಾಂತಿ ಮಾಡಿದ್ದು 4 ವರ್ಷದ ಮಗು. ಬಾಸುಂದಿ ತಿನ್ನದೆ ವಾಂತಿ ಮಾಡಿದ್ದು ದೊಡ್ಡಪ್ಪ, ಅವರಿಗೆ ಶುಗರ್ ಇದೆ.

---

ಲ್ಯಾಬಕ್ಕ · ಗುರುವಾರ, 10:30

ಎಷ್ಟು ಚೆನ್ನಾಗಿ ಮಾಡಿದ್ದೀರಿ! ಪನೀರ್ ತಿಂದವರಲ್ಲಿ ನೂರಕ್ಕೆ 30, ತಿನ್ನದವರಲ್ಲಿ 25. ಹೆಚ್ಚುಕಡಿಮೆ ಒಂದೇ. ಕೇಟರರ್ ಪಾಪ ಬಚಾವ್.

ಚಿತ್ರಾನ್ನದಲ್ಲಿ 41 ಎದುರು 8. ಬಾಸುಂದಿಯಲ್ಲಿ 35 ಎದುರು ಹನ್ನೆರಡೂವರೆ. ಚಿತ್ರಾನ್ನದ ಅಂತರ ದೊಡ್ಡದು, ಆದರೆ ಇಷ್ಟು ಕಡಿಮೆ ಜನರಲ್ಲಿ ಒಬ್ಬ ಆಚೀಚೆ ಆದರೂ ಲೆಕ್ಕ ಅಲುಗಾಡುತ್ತದೆ. ಮಗು ಬೇರೆಯವರನ್ನು ನೋಡಿ ವಾಂತಿ ಮಾಡಿತೋ, ಬಾಸುಂದಿಯಿಂದ ಮಾಡಿತೋ? ಎಲ್ಲ ನಿಂತಿರುವುದು ಆ ಮಗು ಮತ್ತು ದೊಡ್ಡಪ್ಪನ ಮೇಲೆ.

---

ಮಡಗಾಂವ್ ಮಾಮಿ · ಗುರುವಾರ, 10:45

ಶುಗರ್ ಇದ್ದವರು ನಾಮಕರಣದಲ್ಲಿ ಬಾಸುಂದಿ ಬಿಟ್ಟರಂತೆ! ನಮ್ಮೆಜಮಾನರೂ ನನ್ನೆದುರು ಹಾಗೇ ಹೇಳುತ್ತಾರೆ. ದೊಡ್ಡಮ್ಮ ಇಲ್ಲದಾಗ ಮತ್ತೊಮ್ಮೆ ಕೇಳಿ.

---

ವಾಕಡ್‌ವಾಸಿ · ಶುಕ್ರವಾರ, ಬೆಳಿಗ್ಗೆ 7:55

ಮಾಮಿ, ಕೇಳಿದೆ. "ಒಂದು ಚಮಚ, ರುಚಿಗೆ" ಅಂದರು. ಹಾಗಾದರೆ ಆ ಹತ್ತೂ ಜನ ಬಾಸುಂದಿ ತಿಂದಿದ್ದಾರೆ.

ತಮ್ಮನ ಮಲದ ಕಲ್ಚರ್ ರಿಪೋರ್ಟ್ ಕೂಡ ಬಂತು. ಸಾಲ್ಮೊನೆಲ್ಲಾ, ಶಿಗೆಲ್ಲಾ ಬೆಳೆದಿಲ್ಲ ಅಂತಿದೆ. ಕ್ಯಾಂಪೈಲೋಬ್ಯಾಕ್ಟರ್ ಹೆಸರೇ ಇಲ್ಲ. ಜ್ವರ ಇಳಿದಿದೆ. ಮೂರನೆಯವನಿಗೆ ರಕ್ತ ನಿಂತಿದೆ, ಡಾಕ್ಟರ್ ಅಜಿಥ್ರೋಮೈಸಿನ್ ಕೊಟ್ಟಿದ್ದಾರೆ.

---

ಲ್ಯಾಬಕ್ಕ · ಶುಕ್ರವಾರ, 9:20

ದೊಡ್ಡಪ್ಪನ ಒಂದು ಚಮಚ ನನ್ನ ಲೆಕ್ಕ ಕೆಡಿಸಿತು. ಈಗ ಬಾಸುಂದಿ ತಿಂದ 27ರಲ್ಲಿ 10, ತಿನ್ನದ 7ರಲ್ಲಿ ಸೊನ್ನೆ. ನಿನ್ನೆ ಚಿತ್ರಾನ್ನದ ಕಡೆ ಇದ್ದ ತಕ್ಕಡಿ ಇವತ್ತು ಚಿಕ್ಕಮ್ಮನ ಕಡೆ ವಾಲಿದೆ. ಆದರೂ ಕಾಯಿಲೆಯನ್ನು ನೋಡಿ ಇದು ಸ್ಟ್ಯಾಫ್, ಇದು ಬ್ಯಾಸಿಲಸ್ ಅಂತ ಬೇರೆ ಮಾಡಲು ನನ್ನಿಂದ ಆಗುವುದಿಲ್ಲ. ಇಬ್ಬರ ಗಡಿಯಾರವೂ ಒಂದೇ, ವಾಂತಿಯೂ ಒಂದೇ.

ರಿಪೋರ್ಟ್ ಬಗ್ಗೆ. ಕ್ಯಾಂಪೈಲೋಬ್ಯಾಕ್ಟರ್ ಬೆಳೆಸಲು ಬೇರೆ ಪ್ಲೇಟ್ ಬೇಕು, ಆಮ್ಲಜನಕ ಕಡಿಮೆ ಮಾಡಿದ ಜಾರ್ ಬೇಕು, 42 ಡಿಗ್ರಿ ಬೇಕು. ಕೇಳದಿದ್ದರೆ ಮಾಮೂಲಿ ಲ್ಯಾಬ್ ಅದನ್ನು ಹಾಕುವುದೇ ಇಲ್ಲ. ರಿಪೋರ್ಟ್‌ನಲ್ಲಿ ಹೆಸರಿಲ್ಲ ಅಂದರೆ ಹುಡುಕಿಲ್ಲ ಅಂತ ಅರ್ಥ. ಸ್ಯಾಂಪಲ್ ಕೊಡುವ ಮೊದಲು ತಮ್ಮ ಮಾತ್ರೆ ನುಂಗಿದ್ದನಾ?

ಇನ್ನೊಂದು ವಿಷಯ, ಹೆದರಿಸಲು ಅಲ್ಲ. ಮುಂದಿನ ಕೆಲವು ವಾರದಲ್ಲಿ ಮೂವರಲ್ಲಿ ಯಾರಿಗಾದರೂ ಕಾಲು ಜೋಮು ಹಿಡಿದು ಬಲ ಕಡಿಮೆಯಾದರೆ ಅದೇ ದಿನ ಆಸ್ಪತ್ರೆಗೆ ಹೋಗಲಿ. ಕ್ಯಾಂಪೈಲೋಬ್ಯಾಕ್ಟರ್ ಆದ ಸಾವಿರದಲ್ಲಿ ಒಬ್ಬರಿಗೆ ನರದ ತೊಂದರೆ ಬರುವುದುಂಟು.

---

ವಾಕಡ್‌ವಾಸಿ · ಶುಕ್ರವಾರ, 9:45

ನುಂಗಿದ್ದ. ಮೆಡಿಕಲ್‌ನಿಂದ ತಾನೇ ತಂದು ಎರಡು ದಿನ. ಹೆಸರು ನೆನಪಿಲ್ಲವಂತೆ.

---

ವಿಜಾಪುರದವ · ಶುಕ್ರವಾರ, 10:10

ಅಂದರೆ ಆ ರಿಪೋರ್ಟ್ ಒಲೆಗೆ ಹಾಕಿ. ನನ್ನ 6 ಗಂಟೆ ಲೆಕ್ಕ ಕೊನೆಗೂ ಉಪಯೋಗಕ್ಕೆ ಬಂತು ನೋಡಿ, ಪನೀರ್ ಒಂದು ತಪ್ಪಿತು ಅಷ್ಟೇ.

---

ಡೊಂಬಿವಲಿ ಶೆಟ್ರು · ಶುಕ್ರವಾರ, 11:00

ಚಿತ್ರಾನ್ನ, ಬಾಸುಂದಿ ಸ್ವಲ್ಪವಾದರೂ ಉಳಿದಿಲ್ವಾ? ಯಾರಾದರೂ ಮನೆಗೆ ಕಟ್ಟಿಕೊಂಡು ಹೋಗಿರುತ್ತಾರೆ, ವಿಚಾರಿಸಿ.

---

ವಾಕಡ್‌ವಾಸಿ · ಶುಕ್ರವಾರ, ಮಧ್ಯಾಹ್ನ 12:30

ಬಾಸುಂದಿ ಮೊದಲೇ ಖಾಲಿ. ಚಿತ್ರಾನ್ನದ ಒಂದು ಡಬ್ಬಿ ಪಕ್ಕದ ಮನೆಯವರ ಫ್ರೀಜರ್‌ನಲ್ಲಿ ಇದೆಯಂತೆ! ಅಕ್ಕ, ಟೆಸ್ಟ್‌ಗೆ ಕೊಡಬಹುದಾ?

---

ಲ್ಯಾಬಕ್ಕ · ಶುಕ್ರವಾರ, 12:50

ಆಹಾರ ಪರೀಕ್ಷೆ ಮಾಡುವ ಲ್ಯಾಬ್‌ಗೆ ಕೊಡಿ. ಬ್ಯಾಸಿಲಸ್ ಇದೆಯಾ ಅಂತ ಕೇಳಬೇಡಿ, ಎಷ್ಟಿದೆ ಅಂತ ಕೇಳಿ. ಸ್ವಲ್ಪ ಎಲ್ಲ ಅಕ್ಕಿಯಲ್ಲೂ ಇರುತ್ತದೆ. ಒಂದು ಗ್ರಾಂಗೆ ಒಂದು ಲಕ್ಷ ದಾಟಿದ್ದರೆ ಅಮ್ಮನ ಡಬರಿ, ನೂರಿನ್ನೂರು ಇದ್ದರೆ ಅನುಮಾನ ಪೂರಾ ಬಾಸುಂದಿ ಮೇಲೆ. ಕರಗಲು ಬಿಡಬೇಡಿ, ಐಸ್ ಜೊತೆ ಒಯ್ಯಿರಿ.

---

ವಾಕಡ್‌ವಾಸಿ · ಶುಕ್ರವಾರ, ಸಂಜೆ 6:15

ಆಫೀಸಿನಿಂದ ಸೀದಾ ಪಕ್ಕದ ಮನೆಗೆ ಹೋದೆ. ಮಧ್ಯಾಹ್ನವೇ ಅಮ್ಮ ಬಂದು ಡಬ್ಬಿ ಇಸ್ಕೊಂಡು ಹೋದರಂತೆ. ಮನೆಗೆ ಬಂದು ನೋಡಿದರೆ ಡಬ್ಬಿ ಉಜ್ಜಿ ತೊಳೆದು ಬಿಸಿಲಿಗೆ ಬೋರಲು ಹಾಕಿದ್ದಾರೆ. ಚಿಕ್ಕಮ್ಮನೂ ಪಕ್ಕದಲ್ಲೇ ಕೂತಿದ್ದರು. ಇಬ್ಬರೂ ಮಾತಾಡಲಿಲ್ಲ, ನಾನೂ ಕೇಳಲಿಲ್ಲ.